ಅಭಿಮಾನವೂ ಸ್ವಾರ್ಥವೂ

ನಮ್ಮ ಶಾಲೆಯಲ್ಲಿ ಓದಿ ಹೊರಟ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಕಚೇರಿಗಳಲ್ಲಿ ಅಧಿಕಾರಿಗಳಾಗಿಯೂ ಮೇಲಿನ ಹುದ್ದೆಗಳಿಗೆ ಏರುತ್ತಿದ್ದಾರೆ. ರಜೆಯ ದಿನಗಳಲ್ಲಿ ಊರಿಗೆ ಬಂದಾಗ ಅವರಲ್ಲಿ ಕೆಲವರು ನನ್ನನ್ನು ಕೇಳುವುದುಂಟು: “ನಿನ್ನೆಯವರೆಗೆ ಮುಖ ಕೊಟ್ಟು ಮಾತನಾಡದಿದ್ದ ಜೊತೆಗಾತಿ, ಈ ಹುದ್ದೆ ಬಂದ ಮರುದಿನದಿಂದ ಹೊಗಳಿದ್ದೇ ಹೊಗಳಿದ್ದು. ಇದನ್ನು ನಂಬುವುದೋ ಬಿಡುವುದೋ, ಅಮ್ಮಾ?”

ತೋಟದ ಮನೆಗಳಲ್ಲಿ ಬೆಳೆದವರಿಗೆ ಈ ಸಂಗತಿ ಹೊಸದಲ್ಲ. 2001ರ ಸುಮಾರಿಗೆ ಕಾಫಿಯ ಬೆಲೆ ಕುಸಿದು, ಸಾಲ ತೀರಿಸುವ ಬಗೆ ಕಾಣದೆ ಬೆಳೆಗಾರರು ಕಂಗೆಟ್ಟಿದ್ದಾಗ ಅವರ ಜಗುಲಿಗೆ ಬರುವವರು ವಿರಳವಾಗಿದ್ದರು. 2024-25ರಲ್ಲಿ ಬೆಲೆಯು ಹಿಂದೆಂದೂ ಕಾಣದಷ್ಟು ಮೇಲೇರಿದಾಗ ಅದೇ ಜಗುಲಿಗಳಲ್ಲಿ ಕುರ್ಚಿ ಸಾಲದಾಯಿತು. ಹಾಗೆಂದು ಬಂದವರೆಲ್ಲರೂ ಕಪಟಿಗಳೆಂದು ಹೇಳಲಾಗದು. ಸಂತೋಷದಲ್ಲಿ ಪಾಲುಗೊಳ್ಳಬೇಕೆಂದೇ ಬಂದವರೂ ಅವರಲ್ಲಿದ್ದರು. ಅಕ್ಕಿಯನ್ನೂ ಕಲ್ಲನ್ನೂ ಬೇರ್ಪಡಿಸುವುದು ಹೇಗೆಂಬುದೇ ಪ್ರಶ್ನೆ.

ಮುಖ್ಯೋಪಾಧ್ಯಾಯಿನಿಯ ಕುರ್ಚಿಯನ್ನೇ ತೆಗೆದುಕೊಳ್ಳೋಣ. ಹೊರಗಿನವರು ಎಣಿಸುವಷ್ಟು ದೊಡ್ಡ ಅಧಿಕಾರವೇನೂ ಅದರಲ್ಲಿಲ್ಲ. ಆದರೆ ವೇಳಾಪಟ್ಟಿ ಬರೆಯುವುದು, ಸಾಂದರ್ಭಿಕ ರಜೆಗೆ ಒಪ್ಪಿಗೆ ಕೊಡುವುದು, ತರಬೇತಿಗೆ ಯಾರನ್ನು ಕಳುಹಿಸಬೇಕೆಂದು ಹೇಳುವುದು, ವರ್ಷದ ಕೊನೆಗೆ ಒಬ್ಬೊಬ್ಬರ ಕೆಲಸದ ವಿಷಯವಾಗಿ ವರದಿ ಬರೆಯುವುದು ಅವಳ ಕೈಯಲ್ಲಿರುತ್ತವೆ. ಉಪಾಧ್ಯಾಯಿನಿಯ ದಿನದ ಸುಖದುಃಖಗಳು ಬಹುಮಟ್ಟಿಗೆ ಈ ನಾಲ್ಕರಲ್ಲೇ ಅಡಗಿವೆ. ಆದಕಾರಣ ಹೊಸ ಸ್ನೇಹವು ತೋರಿಬಂದಾಗ ಮೊದಲು ನೋಡತಕ್ಕದ್ದು, ಅದು ಈ ನಾಲ್ಕರಲ್ಲಿ ಯಾವುದರ ಬಳಿ ಸುಳಿಯುತ್ತಿದೆ ಎಂಬುದನ್ನು.

ನಾನು ಈ ಕೆಲಸಕ್ಕೆ ಬಂದ ವರ್ಷ ಇಬ್ಬರು ಸಹೋದ್ಯೋಗಿಗಳು ವಿಶೇಷವಾಗಿ ನನ್ನನ್ನು ಅಭಿನಂದಿಸಿದರು. ಮೊದಲನೆಯವರು ಹನ್ನೊಂದು ವರ್ಷ ನನ್ನ ಪಕ್ಕದ ಕೊಠಡಿಯಲ್ಲೇ ಪಾಠ ಮಾಡಿದ್ದರೂ ನಮಸ್ಕಾರಕ್ಕಿಂತ ಹೆಚ್ಚಿನ ಮಾತು ನಮ್ಮೊಳಗೆ ನಡೆದಿರಲಿಲ್ಲ. ಈಗ ಅವರು ತೋಟದ ಕಿತ್ತಳೆಹಣ್ಣು ತಂದರು. ಬೆಳಗಿನ ಪ್ರಾರ್ಥನೆಯಲ್ಲಿ ನಾನು ಆಡಿದ ಮಾತು ಅದ್ಭುತವಾಗಿತ್ತೆಂದರು. ಯಾವ ಮಾತು ಹಿಡಿಸಿತೆಂದು ಕೇಳಿದರೆ, “ಎಲ್ಲವೂ, ಮೇಡಂ” ಎಂದರು. ಎರಡನೆಯವರು ಹೇಳಿದ ಬಗೆ ಬೇರೆ. “ಭಿನ್ನರಾಶಿಯನ್ನು ರೊಟ್ಟಿ ಮುರಿದು ತೋರಿಸುವ ನಿಮ್ಮ ಕ್ರಮವನ್ನು ನಾನೂ ಹಿಡಿದೆ. ಮುಂದಿನ ಸಾಲಿನವರಿಗೆ ಹತ್ತಿತು, ಹಿಂದಿನವರಿಗೆ ಹತ್ತಲಿಲ್ಲ” ಎಂದರು. ನಿಜವಾದ ಮೆಚ್ಚಿಕೆಗೆ ಒಂದು ಗುರುತು ಇದು: ಅದು ಕೆಲಸವನ್ನು ನೋಡಿರುತ್ತದೆ, ನೋಡಿದ್ದರಿಂದಲೇ ಅದರ ಕೊರತೆಯನ್ನೂ ಬಲ್ಲುದು. ಸ್ವಾರ್ಥದ ಹೊಗಳಿಕೆಗೆ ಕೆಲಸ ಕಾಣದು, ಕುರ್ಚಿ ಮಾತ್ರ ಕಾಣುತ್ತದೆ.

ಆದರೂ ಮಾತಿನ ಗುರುತೊಂದೇ ಸಾಲದು, ಯಾತಕ್ಕೆಂದರೆ ಮಾತಿನ ಜಾಣ್ಮೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ, ಕೆಲವರಿಗೆ ಇರುವುದಿಲ್ಲ. ಜೂನ್ ತಿಂಗಳಲ್ಲಿ ವೇಳಾಪಟ್ಟಿ ಬರೆಯುವ ಹೊತ್ತಿಗೆ ಇಬ್ಬರೂ ಒಂದೊಂದು ಬಿನ್ನಹ ತಂದರು. ಮೊದಲನೆಯವರು ಸಂಜೆಯ ಮೂಡಿಗೆರೆ ಬಸ್ಸಿಗೆ ಹೋಗಬೇಕಾದುದರಿಂದ ವಾರದ ಐದು ದಿನವೂ ಕೊನೆಯ ಪೀರಿಯಡ್ಡು ತಮಗೆ ಬೇಡವೆಂದರು. ಅವರಿಗೆ ಬಿಟ್ಟರೆ ಆ ಹೊರೆಯು ಕಳಸದ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಕಿರಿಯ ಉಪಾಧ್ಯಾಯಿನಿಯ ತಲೆಗೆ ಬೀಳುತ್ತಿತ್ತು. ಅವಳ ಪರವಾಗಿ ಮಾತನಾಡುವವರು ಯಾರೂ ಇರಲಿಲ್ಲ. ಎರಡನೆಯವರು ಒಂದು ತರಬೇತಿಗೆ ತಮ್ಮನ್ನು ಕಳುಹಿಸಬೇಕೆಂದು ಕೇಳಿದರು. ಇದ್ದದ್ದು ಒಂದೇ ಸ್ಥಾನ. ಸೇವೆಯಲ್ಲಿ ಅವರಿಗಿಂತ ಹಿರಿಯರಿದ್ದರು. ಇಬ್ಬರಿಗೂ ಒಂದೇ ವಾರದಲ್ಲಿ, ಕಾರಣವನ್ನು ತಿಳಿಸಿ, ಆಗದೆಂದು ಹೇಳಿದೆನು.

ಕೇಳಿದ್ದರಲ್ಲಿ ತಪ್ಪಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಗತ್ಯವಿದ್ದವಳು ಅಧಿಕಾರವುಳ್ಳವಳನ್ನು ಕೇಳದೆ ಮತ್ತಾರನ್ನು ಕೇಳಬೇಕು? ಬಿನ್ನಹವು ಸ್ವಾರ್ಥದ ಗುರುತಲ್ಲ. ಬಿನ್ನಹವು ನಡೆಯದೆ ಹೋದ ಮೇಲಿನ ನಡತೆಯೇ ಗುರುತು. ಎರಡನೆಯವರ ಮುಖ ಎರಡು ದಿನ ಬಾಡಿತ್ತು. ಮನುಷ್ಯರಿಗೆ ಅದು ಸಹಜ. ಮೂರನೆಯ ದಿನ ರೇಖಾಗಣಿತದ ಒಂದು ಸಂದೇಹದೊಡನೆ ಎಂದಿನಂತೆ ಬಂದರು. ಮೊದಲನೆಯವರ ಕಿತ್ತಳೆಯೂ ನಿಂತಿತು, ಪ್ರಾರ್ಥನೆಯ ಪ್ರಶಂಸೆಯೂ ನಿಂತಿತು. ತಿಂಗಳೊಳಗೆ ಅದೇ ಮಾತುಗಳು ಆಡಳಿತ ಮಂಡಲಿಯವರೊಬ್ಬರ ಮನೆಯಲ್ಲಿ ಕೇಳಿಬಂದುವು. ಹೊಗಳಿಕೆ ಬದಲಾಗಿರಲಿಲ್ಲ, ವಿಳಾಸ ಮಾತ್ರ ಬದಲಾಗಿತ್ತು.

ಇವೆರಡೂ ಅಲ್ಲದ ಮೂರನೆಯ ಬಗೆಯೊಂದುಂಟು; ಅದನ್ನು ಗುರುತಿಸದಿದ್ದರೆ ಅನ್ಯಾಯವಾಗುತ್ತದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನನ್ನು ಕಂಡಾಗಲೆಲ್ಲ ಎದ್ದು ನಿಂತು ಏನಾದರೊಂದು ಒಳ್ಳೆಯ ಮಾತು ಆಡುತ್ತಿದ್ದಳು. ಅವಳು ಏನನ್ನೂ ಕೇಳಲಿಲ್ಲ. ನಾನು ಅವಳ ತರಗತಿಗೆ ಪಾಠ ನೋಡಲು ಹೋಗುವ ವಾರದಲ್ಲಿ ಆ ಮಾತುಗಳು ಹೆಚ್ಚುತ್ತಿದ್ದುವು. ಅದು ಅಭಿಮಾನವೂ ಅಲ್ಲ, ಆಸೆಯೂ ಅಲ್ಲ, ಭಯ. ವರ್ಷಾಂತ್ಯದ ವರದಿಯಲ್ಲಿ ಏನೇನು ಬರೆಯುತ್ತೇನೆ, ಯಾವುದನ್ನು ನೋಡಿ ಬರೆಯುತ್ತೇನೆ ಎಂಬುದನ್ನು ಅವಳನ್ನು ಕುಳ್ಳಿರಿಸಿ ತಿಳಿಸಿದ ಬಳಿಕ ಹೊಗಳಿಕೆ ತಾನಾಗಿ ಕಡಿಮೆಯಾಯಿತು, ಪಾಠ ಉತ್ತಮವಾಯಿತು.

ಅಪೊಸ್ತಲರ ಕೃತ್ಯಗಳಲ್ಲಿ ಸಮಾರ್ಯದ ಸೀಮೋನನ ಸಂಗತಿಯಿದೆ. ಅವನು ಫಿಲಿಪ್ಪನ ಕಾರ್ಯಗಳನ್ನು ಕಂಡು ಬೆರಗಾಗಿ ಅವನನ್ನು ಬಿಡದೆ ಹಿಂಬಾಲಿಸಿದನು. ಆ ಬೆರಗು ಸುಳ್ಳಾಗಿರಲಿಕ್ಕಿಲ್ಲ. ಪೇತ್ರ ಯೋಹಾನರು ಬಂದ ಮೇಲೆ ಅವರಲ್ಲಿದ್ದ ಅಧಿಕಾರವನ್ನು ಹಣ ಕೊಟ್ಟು ಕೊಳ್ಳಹೋದಾಗ ಮಾತ್ರ ಒಳಗಿನ ಆಸೆ ಹೊರಬಿತ್ತು. ಒಂದೇ ಹೃದಯದಲ್ಲಿ ಮೆಚ್ಚಿಕೆಯೂ ಲಾಭದಾಸೆಯೂ ಒಟ್ಟಿಗೆ ವಾಸಿಸಬಲ್ಲವೆಂದು ಇದರಿಂದ ತಿಳಿಯುತ್ತದೆ. ಪೇತ್ರನು ಕಠಿಣವಾಗಿ ಗದರಿಸಿದನು. ಆದರೆ ಪಶ್ಚಾತ್ತಾಪಪಡುವಂತೆಯೂ ಹೇಳಿದನು. ಕೊಡಲಿಲ್ಲ, ಕೈಬಿಡಲೂ ಇಲ್ಲ.

ಹೃದಯವನ್ನು ಅಳೆಯುವ ಕೆಲಸ ನಮ್ಮದಲ್ಲವಾದ ಮೇಲೆ, ಲಾಭದ ಬಾಗಿಲನ್ನು ಮುಂಚಿತವಾಗಿಯೇ ಮುಚ್ಚಿಬಿಡುವುದು ಲೇಸು. ಶ್ರೀ ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರಿನ ದಿವಾನರಾಗುವುದಕ್ಕೆ ಮುಂಚೆ ಬಂಧುಗಳನ್ನು ಊಟಕ್ಕೆ ಕರೆದು, ಸ್ವಂತ ಅನುಕೂಲಕ್ಕಾಗಿ ಯಾರೂ ತಮ್ಮ ಬಳಿ ಬರಬಾರದು, ಒಪ್ಪಿದರೆ ಮಾತ್ರ ಆ ಪದವಿಯನ್ನು ಸ್ವೀಕರಿಸುವೆನೆಂದು ಹೇಳಿದರೆಂಬ ಸಂಗತಿಯು ನಮ್ಮ ನಾಡಿನಲ್ಲಿ ಪ್ರಸಿದ್ಧವಾಗಿದೆ. ಅವರು ಬಂಧುಗಳನ್ನು ಸಂದೇಹಿಸಿ ದೂರವಿಡಲಿಲ್ಲ. ಎದುರಿಗೆ ಕುಳ್ಳಿರಿಸಿ ಅನ್ನವಿಕ್ಕಿಯೇ ಹೇಳಿದರು. ಆ ಮಾತಿನ ಮೇಲೂ ಬಂದುಹೋಗುವ ನೆಂಟನು ನೆಂಟತನಕ್ಕಾಗಿಯೇ ಬರುವನೆಂದು ನಂಬಬಹುದಾಗಿತ್ತು.

ಇದೇ ಕ್ರಮವನ್ನು ನಮ್ಮ ಸಣ್ಣ ಮನೆಯಲ್ಲಿಯೂ ಅನುಸರಿಸಿದ್ದೇವೆ. ಈಗ ಕೊನೆಯ ಪೀರಿಯಡ್ಡು ಸರದಿಯಂತೆ ಎಲ್ಲರಿಗೂ ಬರುತ್ತದೆ. ತರಬೇತಿಗೆ ಹೋಗುವವರ ಸರದಿಯನ್ನು ಸೇವೆಯ ವರ್ಷಗಳ ಪ್ರಕಾರ ಬರೆದು, ಶಾಲೆ ತೆರೆಯುವುದಕ್ಕೆ ಮುಂಚೆಯೇ ಉಪಾಧ್ಯಾಯಿನಿಯರ ಕೊಠಡಿಯ ಗೋಡೆಗೆ ಅಂಟಿಸುತ್ತೇವೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಸರದಿಯನ್ನು ಬದಲಿಸುವುದುಂಟು. ಕಾರಣವನ್ನು ಎಲ್ಲರ ಎದುರಿಗೆ ಹೇಳಿ ಬದಲಿಸುತ್ತೇವೆ. ಹೊಗಳಿ ಪಡೆಯುವಂಥದು ನನ್ನ ಮೇಜಿನ ಮೇಲೆ ಈಗ ಹೆಚ್ಚೇನೂ ಉಳಿದಿಲ್ಲ. ಈಗಲೂ ಬಂದು ಕುಳಿತು ಮಾತನಾಡುವವರ ಮಾತನ್ನು ನಾನು ನಿಶ್ಚಿಂತೆಯಿಂದ ಕೇಳುತ್ತೇನೆ.

ಆ ಮೊದಲನೆಯ ಸಹೋದ್ಯೋಗಿಯವರು ಆ ವರ್ಷವೂ ತಮ್ಮ ತರಗತಿಗೆ ಚೆನ್ನಾಗಿಯೇ ಪಾಠ ಮಾಡಿದರು. ಹತ್ತನೆಯ ತರಗತಿಯ ಹುಡುಗಿಯರಲ್ಲಿ ಅವರ ವಿಷಯದಲ್ಲಿ ಒಬ್ಬಳೂ ಹಿಂದುಳಿಯಲಿಲ್ಲ. ಮಾರ್ಚಿಯಲ್ಲಿ ವರದಿ ಬರೆಯುವಾಗ ಅದನ್ನೇ ಬರೆದೆನು. ಕಿತ್ತಳೆ ಬಂದದ್ದಕ್ಕೂ ನಿಂತದ್ದಕ್ಕೂ ಆ ಕಾಗದದಲ್ಲಿ ಸ್ಥಳವಿರಲಿಲ್ಲ.