ಏಳು ಕೇರಿ, ಹದಿನಾಲ್ಕು ಕಿಲೋಮೀಟರು

ಗುರುದೀಕ್ಷೆ ಪಡೆದು ಎರಡು ವರ್ಷವೂ ತುಂಬಿರದ ನನ್ನನ್ನು 2001ರಲ್ಲಿ ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿಗೆ ಸಹಾಯಕ ಗುರುವಾಗಿ ಕಳುಹಿಸಿದ್ದರು. ಮಲೆನಾಡಿನ ಹಳ್ಳಿಯೆಂದರೆ ಬಯಲುಸೀಮೆಯಂತೆ ಒತ್ತಾಗಿ ಕೂಡಿಕೊಂಡ ಮನೆಗಳಲ್ಲ. ಇಲ್ಲಿ ಮೂರು, ಗುಡ್ಡದಾಚೆ ಐದು, ಅಡಿಕೆ ತೋಟದ ತುದಿಯಲ್ಲೊಂದು. ನನಗೆ ಯಾರ ಮನೆ ಎಲ್ಲಿದೆಯೆಂಬುದೇ ತಿಳಿಯದು. ಹಿರಿಯ ಗುರುಗಳನ್ನು ಕೇಳಿದಾಗ ಅವರು ನಕ್ಕು, "ಒಂದು ದಿನ ಅಂಚೆಯಣ್ಣನ ಹಿಂದೆ ನಡೆ. ಹೊಸ್ತಿಲುಗಳ ಲೆಕ್ಕ ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ" ಎಂದರು.

ಅಂಚೆಯಣ್ಣನಿಗೆ ಆಗಲೇ ಐವತ್ತು ದಾಟಿತ್ತು. ಅವರ ಹುದ್ದೆಗೆ ಅದುವರೆಗೆ 'ಇ.ಡಿ.' ಎಂಬ ಎರಡಕ್ಷರದ ಹೆಸರಿತ್ತು. ಗ್ರಾಮೀಣ ಡಾಕ್ ಸೇವಕ ಎಂಬ ಹೊಸ ಹೆಸರು ಬಂದದ್ದು ಆ ವರ್ಷವೇ. ಊರಿಗೆ ಮಾತ್ರ ಅವರು ಎಂದಿಗೂ ಅಂಚೆಯಣ್ಣನೇ. ಸುತ್ತನ್ನು ವಿವರಿಸಿರೆಂದು ನಾನು ಕೇಳಿದಾಗ ಮಗ್ಗಿ ಹೇಳುವವರಂತೆ ಒಪ್ಪಿಸಿದರು: ಅಂಚೆ ಕಚೇರಿಯಿಂದ ಮೊದಲ ಕೇರಿಗೆ ಒಂದು ಕಿಲೋಮೀಟರು, ಎರಡನೆಯದಕ್ಕೆ ಒಂದೂವರೆ, ಮೂರಕ್ಕೆ ಒಂದು, ನಾಲ್ಕಕ್ಕೆ ಎರಡು, ಐದಕ್ಕೆ ಒಂದೂವರೆ, ಆರಕ್ಕೆ ಒಂದು, ಹಳ್ಳದಾಚೆಯ ಏಳನೆಯ ಕೇರಿಗೆ ಎರಡು. ಅಲ್ಲಿಂದ ಕಾಡಿನ ಕಾಲುದಾರಿಯಲ್ಲಿ ನೇರವಾಗಿ ಕಚೇರಿಗೆ ನಾಲ್ಕು. ಒಟ್ಟು ಹದಿನಾಲ್ಕು. ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ನಡಿಗೆಗೆ ಮೂರೂವರೆ ಗಂಟೆ. ಕೇರಿಗೆ ಹತ್ತು ನಿಮಿಷದಂತೆ ನಿಂತರೆ ಇನ್ನೊಂದು ಗಂಟೆ ಹತ್ತು ನಿಮಿಷ. ಹತ್ತೂವರೆಗೆ ಹೊರಟರೆ ಎರಡು ಗಂಟೆಗೆ ಏಳನೆಯ ಕೇರಿ, ಮೂರೂಕಾಲರ ಹೊತ್ತಿಗೆ ಮರಳಿ ಕಚೇರಿ.

"ಮೋಡ ಎಷ್ಟು ಗಂಟೆಗೆ?" ಎಂದು ತಮಾಷೆಗೆ ಕೇಳಿದೆ.

"ಈ ತಿಂಗಳು ಮೂರಕ್ಕೆ, ಫಾದರ್," ಎಂದರು, ಬಸ್ಸಿನ ವೇಳೆ ಹೇಳುವಂತೆ.

ಅದು ಅಕ್ಟೋಬರಿನ ನಡುವು, ಚಿತ್ತಾ ಮಳೆಯ ದಿನಗಳು. ಜೂನ್ ಜುಲೈಯಲ್ಲಾದರೆ ಮಳೆ ಪಡುವಣದಿಂದ ಬಂದು ಹಗಲಿರುಳೆನ್ನದೆ ಸುರಿಯುತ್ತದೆ. ಅದಕ್ಕೆ ಲೆಕ್ಕ ಬೇಕಿಲ್ಲ, ಕಂಬಳಿಕೊಪ್ಪೆ ಸಾಕು. ಹಿಂಗಾರಿನ ಗುಡುಗು ಮಳೆಯ ರೀತಿಯೇ ಬೇರೆ. ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿರುತ್ತದೆ. ಬಿಸಿಲೇರಿ ಒದ್ದೆ ನೆಲ ಕಾದು, ಆ ಆವಿ ಮೇಲಕ್ಕೆ ಹೋಗಿ, ಮೂಡಣ ಗುಡ್ಡದ ನೆತ್ತಿಯ ಮೇಲೆ ಮೊದಲು ಹಿಂಜಿದ ಅರಳೆಯಂಥ ತುಣುಕುಗಳು ಕಾಣಿಸುತ್ತವೆ. ಅವು ಅಗಲವಾಗಿ ಹರಡಿದರೆ ಭಯವಿಲ್ಲ, ಹೂಕೋಸಿನಂತೆ ಮೇಲಕ್ಕೆ ಬೆಳೆದು ತಳ ಸಪಾಟಾಗಿ ಕಪ್ಪಗಾದರೆ ಮಳೆ ಖಚಿತ. ಸಾಮಾನ್ಯವಾಗಿ ಅರಳೆ ಮೂಡುವುದು ಹನ್ನೊಂದೂವರೆಯ ಮೇಲೆ. ನಾನು ಹೋದ ದಿನ ಹತ್ತು ಗಂಟೆಗೇ ಮೂಡಿತ್ತು.

ಒಂಬತ್ತೂವರೆಯ ಬಸ್ಸಿನಲ್ಲಿ ಬಂದ ಚೀಲವನ್ನು ಪೋಸ್ಟ್ ಮಾಸ್ಟರು ಬಿಚ್ಚಿ, ಮೊಹರು ಹಾಕಿ, ಕಾಗದಗಳನ್ನು ಮೇಜಿನ ಮೇಲೆ ಹರಡಿದ್ದರು. ಅಂಚೆಯಣ್ಣ ಅವನ್ನು ಕೇರಿಯ ಕ್ರಮದಲ್ಲಿ ಜೋಡಿಸುತ್ತಾ ಕಿಟಕಿಯಾಚೆ ಒಮ್ಮೆ ನೋಡಿ ಕೈ ನಿಲ್ಲಿಸಿದರು. ಆಮೇಲೆ ಜೋಡಿಸಿದ್ದನ್ನೆಲ್ಲ ತಿರುವು ಮುರುವು ಮಾಡಿದರು. ಏಳನೆಯ ಕೇರಿ ಮೇಲಕ್ಕೆ ಬಂತು.

ಅಲ್ಲಿಗೆ ಒಂದು ಮನಿ ಆರ್ಡರ್ ಇತ್ತು. ಮುಂಬಯಿಯ ಹೋಟೆಲೊಂದರಲ್ಲಿ ದುಡಿಯುವ ಮಗ ತಾಯಿಗೆ ಕಳುಹಿಸಿದ ಐನೂರು ರೂಪಾಯಿ. ಇಪ್ಪತ್ತಕ್ಕೆ ಒಂದರಂತೆ ಅವನು ತೆತ್ತ ಕಮಿಷನ್ ಇಪ್ಪತ್ತೈದು. ಫಾರಂ ಬಂದ ಮೊದಲೆರಡು ದಿನ ಶಾಖಾ ಕಚೇರಿಯಲ್ಲಿ ಅಷ್ಟು ನಗದೇ ಇರಲಿಲ್ಲ, ಮೇಲಿನ ಕಚೇರಿಯಿಂದ ಚೀಲದಲ್ಲಿ ಬರಬೇಕಿತ್ತು. ಮೂರನೆಯ ದಿನ ಭಾನುವಾರ. ಮುಂದಿನ ಎರಡು ದಿನ ಆಕೆ ಮಗಳ ಮನೆಯಲ್ಲಿ. ಆರನೆಯ ದಿನ ಆಕೆಯೇನೋ ಸಿಕ್ಕಳು, ಆದರೆ ಹೆಬ್ಬೆಟ್ಟಿನವರಿಗೆ ಹಣ ಕೊಡುವಾಗ ಅಕ್ಷರ ಬಲ್ಲ ಸಾಕ್ಷಿಯೊಬ್ಬರು ಸಹಿ ಹಾಕಬೇಕು. ಕೇರಿಯ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಇಂದು ಏಳನೆಯ ದಿನ. ಇಂದು ಕೊಡದಿದ್ದರೆ ಕಳುಹಿಸಿದವರಿಗೇ ಹಿಂದಿರುಗಿಸಬೇಕು. ಹೋಟೆಲಿನ ಹುಡುಗ ಅಷ್ಟರಲ್ಲಿ ಕೆಲಸ ಬದಲಿಸಿದ್ದರೆ ಹಣ ಯಾವ ಊರು ಸುತ್ತುವುದೋ! "ಫಾದರ್, ನೀವು ಸಾಕ್ಷಿಗಾಗುತ್ತೀರಿ," ಎಂದರು ಅಂಚೆಯಣ್ಣ. ನನ್ನನ್ನು ಕರೆದೊಯ್ಯಲು ಅವರು ಅಷ್ಟು ಸುಲಭವಾಗಿ ಒಪ್ಪಿದ್ದೇಕೆಂದು ಆಗ ಅರ್ಥವಾಯಿತು.

ಎಲ್ಲ ಸರಿಯಾಗಿತ್ತು, ಎರಡನೆಯ ಕೇರಿಯ ಆ ಕಾರ್ಡೊಂದನ್ನು ಬಿಟ್ಟು. ಐವತ್ತು ಪೈಸೆಯ ಪೋಸ್ಟ್ ಕಾರ್ಡ್, ತರೀಕೆರೆ ಕಡೆಯದು. ಕಾರ್ಡೆಂದರೆ ತೆರೆದ ಮಾತು. ಓದಬಾರದೆಂದರೂ ವಿಳಾಸ ನೋಡುವ ಕಣ್ಣಿಗೆ ಎರಡು ಸಾಲು ಬೀಳುತ್ತದೆ. ಅಣ್ಣನಿಗೆ ಕಾಯಿಲೆ ಜೋರಾಗಿದೆ, ಕಾರ್ಡು ಕಂಡ ಕೂಡಲೇ ಹೊರಟು ಬಾ ಎಂದಿತ್ತು. ಹಾಕಿ ನಾಲ್ಕು ದಿನವಾಗಿತ್ತು.

ಅಂಚೆಯಣ್ಣ ಬಾಗಿಲಲ್ಲಿ ನಿಂತು ಲೆಕ್ಕ ಹಾಕಿದರು. ನಾನೂ ಹಾಕಿದೆ. ಎಂದಿನ ಕ್ರಮದಲ್ಲಿ ಹೋದರೆ ಹನ್ನೊಂದೂಕಾಲಕ್ಕೆ ಕಾರ್ಡು ಮನೆ ಸೇರುತ್ತದೆ, ಆ ಮನುಷ್ಯ ಹನ್ನೆರಡೂಕಾಲರ ಬಸ್ಸು ಹಿಡಿಯುತ್ತಾನೆ. ಆದರೆ ನಾವು ಹಳ್ಳ ಮುಟ್ಟುವುದು ಎರಡಕ್ಕೆ. ಕಾರ್ಡು ಕೊಟ್ಟು ಹಿಂದಿರುಗಿ ಕಾಡುದಾರಿಯಲ್ಲಿ ಹೋದರೂ ಹಳ್ಳದ ಬಳಿ ಒಂದು ಗಂಟೆಯಾಗುತ್ತದೆ. ಎರಡನೆಯ ಕೇರಿಯಿಂದ ಏಳನೆಯದಕ್ಕೆ ಅಡ್ಡದಾರಿಯಿಲ್ಲ. ಮೋಡ ಇಂದು ಎರಡು ಗಂಟೆ ಮುಂಚೆ ಬರುವ ಹಾಗಿದೆ.

"ನಾನೇ ಕಾರ್ಡು ಕೊಟ್ಟುಬರಲೇ?" ಎಂದೆ.

"ಟಪಾಲು ಬೇರೆಯವರ ಕೈಗೆ ಕೊಡುವ ಹಾಗಿಲ್ಲ, ಫಾದರ್. ಮತ್ತೆ ನೀವು ಇಲ್ಲಿ ಹೋದರೆ ಅಲ್ಲಿ ಸಹಿ ಯಾರದು?"

ಕೊನೆಗೆ ಕಾರ್ಡನ್ನು ಪೋಸ್ಟ್ ಮಾಸ್ಟರ ಮೇಜಿನ ಮೇಲಿಟ್ಟರು. ಹೆಸರಿನವರೇ ಕಚೇರಿಗೆ ಬಂದರೆ ಅಲ್ಲಿಯೇ ಕೊಡಬಹುದು. ಪಕ್ಕದ ಶಾಲೆಗೆ ಹೋಗಿ ಎರಡನೆಯ ಕೇರಿಯ ಹುಡುಗನೊಬ್ಬನನ್ನು ಹುಡುಕಿ, ಹನ್ನೊಂದರ ಬಿಡುವಿನಲ್ಲಿ ಮನೆಗೆ ಓಡಿ ಗೌಡರನ್ನು ಅಂಚೆ ಕಚೇರಿಗೆ ಕರೆತರಬೇಕೆಂದು ಹೇಳಿದರು. ಏಕೆಂದು ಹೇಳಲಿಲ್ಲ. ಹತ್ತೂವರೆಗೆ ನಾವು ಕಾಡುದಾರಿ ಹಿಡಿದೆವು.

ಹನ್ನೊಂದೂವರೆಗೆ ಹಳ್ಳ. ಎರಡು ಅಡಿಕೆ ಮರಗಳನ್ನು ಅಡ್ಡ ಹಾಕಿ, ಕೈಗೆ ಬಿದಿರು ಕಟ್ಟಿದ ಸಂಕ. ಅಡಿಯಲ್ಲಿ ನೀರು ಮೊಳಕಾಲಷ್ಟು, ಕಲ್ಲು ಕಾಣುವಷ್ಟು ತಿಳಿ. ಅಂಚೆಯಣ್ಣ ದಾಟುವ ಮೊದಲು ಬಾಗಿ ಒಂದು ಬೊಗಸೆ ನೀರು ತೆಗೆದು ನೋಡಿದರು. "ಇಲ್ಲಿ ಮಳೆ ಬರುವ ಮುಂಚೆ ಮೇಲೆ ಬಂದಿರುತ್ತದೆ. ಆಕಾಶ ನೋಡುವುದಕ್ಕಿಂತ ನೀರು ನೋಡಬೇಕು. ಮೊದಲು ಕದಡುತ್ತದೆ, ಆಮೇಲೆ ಕೊಳೆತ ಎಲೆ, ಕಡ್ಡಿ ತೇಲಿ ಬರುತ್ತವೆ. ಎಲೆ ಕಂಡಮೇಲೆ ಸಂಕಕ್ಕೆ ಕಾಲಿಡಬಾರದು." ಮುಂಗಾರು ಪೂರ್ತಿ ಕುಡಿದು ತಣಿದ ನೆಲ ಅಕ್ಟೋಬರಿನಲ್ಲಿ ಹೊಸ ನೀರನ್ನು ಹಿಡಿದಿಡದು. ಗುಡ್ಡದ ಮೇಲೆ ಬಿದ್ದದ್ದೆಲ್ಲ ಹಳ್ಳಕ್ಕೇ ಇಳಿಯುತ್ತದೆ.

ಆ ತಾಯಿ ಅಂಗಳದಲ್ಲಿ ಅಡಿಕೆ ಹರವುತ್ತಿದ್ದಳು. ನೋಟು ಎಣಿಸಿಕೊಳ್ಳುವ ಆತುರ ಆಕೆಗಿರಲಿಲ್ಲ. ಫಾರಮಿನ ಕೆಳತುದಿಯಲ್ಲಿ ಸಮಾಚಾರ ಬರೆಯುವ ಪುಟ್ಟ ಜಾಗವಿರುತ್ತಿತ್ತಲ್ಲ, ಮೊದಲು ಅದನ್ನು ಓದಿಸಿದಳು. "ಕ್ಷೇಮ. ದೀಪಾವಳಿಗೆ ರಜೆ ಇಲ್ಲ. ಕಂಬಳಿ ತಗೋ." ಅಷ್ಟೇ. "ಇನ್ನೊಂದು ಸಲ ಓದಿ ಅಣ್ಣಾ" ಎಂದಳು. ಅಂಚೆಯಣ್ಣ ಕಣ್ಣು ಗುಡ್ಡದ ಕಡೆಗಿಟ್ಟುಕೊಂಡೇ ಮತ್ತೊಮ್ಮೆ ಓದಿದರು, ಮೂರನೆಯ ಸಲವೂ ಓದಿದರು. ಆಕೆಯ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿದರು, ನಾನು ಸಾಕ್ಷಿ ಹಾಕಿದೆ. ಐದು ನೂರರ ನೋಟು.

ಹನ್ನೆರಡೂ ಹತ್ತಕ್ಕೆ ಸಂಕದ ಬಳಿ ಬಂದಾಗ ನಮ್ಮ ತಲೆಯ ಮೇಲೆ ಬಿಸಿಲು. ನೀರು ಮಾತ್ರ ಚಹದ ಬಣ್ಣಕ್ಕೆ ತಿರುಗಿತ್ತು. ಎಲೆ ಇನ್ನೂ ಕಂಡಿರಲಿಲ್ಲ. ಒಬ್ಬೊಬ್ಬರಾಗಿ ದಾಟಿದೆವು. ಈಚೆ ದಡದಲ್ಲಿ ನಿಂತು ಹಿಂದಿರುಗಿ ನೋಡುವಾಗ ಮೊದಲ ಎಲೆಗಳ ಗುಂಪು ಸಂಕದ ಅಡಿಯಲ್ಲಿ ಹಾದುಹೋಯಿತು. ಗುಡ್ಡದ ಹಿಂದೆ ಮಿಂಚಿತು. ನಾನು ಎಣಿಸಿದೆ, ಹನ್ನೆರಡಕ್ಕೆ ಗುಡುಗು ಕೇಳಿಸಿತು. ಶಬ್ದ ಮೂರು ಸೆಕೆಂಡಿಗೆ ಒಂದು ಕಿಲೋಮೀಟರು ಹೋಗುವುದರಿಂದ ಮೋಡ ನಾಲ್ಕು ಕಿಲೋಮೀಟರು ದೂರದಲ್ಲಿದೆಯೆಂದು ಹೇಳಿದೆ. ಓದಿದ ಭೌತಶಾಸ್ತ್ರ ಅಂದು ನನಗೆ ಉಪಯೋಗಕ್ಕೆ ಬಂದದ್ದು ಅಷ್ಟೇ. "ಹಾಗಾದರೆ ನಮ್ಮ ಹಾಗೇ ಇನ್ನೊಂದು ಗಂಟೆ," ಎಂದರು ಅಂಚೆಯಣ್ಣ. ಆರನೆಯ ಕೇರಿ ಮುಗಿಸಿ ಐದನೆಯದರ ಮೊದಲ ಮನೆಯ ಜಗಲಿ ಹತ್ತುವಾಗ ಎಲ್ಲಿಂದಲೋ ತಣ್ಣನೆಯ ಗಾಳಿ ಬೀಸಿತು. ಹತ್ತು ನಿಮಿಷದಲ್ಲಿ ಮಳೆ ಬಿತ್ತು. ನನ್ನ ಗಡಿಯಾರದಲ್ಲಿ ಒಂದೂ ಹತ್ತು.

ಒಂದೂವರೆ ಗಂಟೆ ಆ ಜಗಲಿಯಲ್ಲಿ ಕುಳಿತೆವು. ಮನೆಯವರು ಕಾಫಿ ಕೊಟ್ಟರು. ಅಂಚೆಯಣ್ಣ ಕವಳ ಹಾಕಲಿಲ್ಲ, ಮಾತೂ ಆಡಲಿಲ್ಲ. ಮಳೆ ಸಣ್ಣದಾದೊಡನೆ ನಡೆದೆವು. ನಾಲ್ಕು, ಮೂರು ದಾಟಿ ಎರಡನೆಯ ಕೇರಿಗೆ ಬಂದಾಗ ನಾಲ್ಕು ಗಂಟೆ. ಗೌಡರು ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದರು.

"ಕಚೇರಿಗೆ ಬರಲಿಲ್ಲವೇ ಗೌಡ್ರೇ?"

"ಯಾಕೆ? ಯಾರೂ ಹೇಳಲಿಲ್ಲವಲ್ಲ."

ಮೋಡ ಕಪ್ಪಿಟ್ಟದ್ದನ್ನು ಕಂಡು ಮೇಷ್ಟರು ಅಂದು ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಬಿಟ್ಟಿರಲಿಲ್ಲ. ಅವರದು ತಪ್ಪೆನ್ನಲಾದೀತೇ? ಅಂಚೆಯಣ್ಣ ಒಂದು ಕ್ಷಣ ಸುಮ್ಮನಿದ್ದು, "ಒಂದು ಕಾರ್ಡು ಬಂದಿದೆ. ಎರಡು ಬಟ್ಟೆ ಚೀಲಕ್ಕೆ ಹಾಕಿಕೊಂಡು ನಮ್ಮ ಜೊತೆಗೇ ಬನ್ನಿ," ಎಂದರು. ಕಾರ್ಡಿನಲ್ಲಿದ್ದ ಒಂದು ಪದವನ್ನೂ ಅವರು ಹೇಳಲಿಲ್ಲ. ಗೌಡರ ಮುಖ ಇಳಿಯಿತು. ದಾರಿಯುದ್ದಕ್ಕೂ ಮೂವರೂ ಮಾತಾಡಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಕಚೇರಿ ಸೇರಿದೆವು. ಗೌಡರು ನಿಂತಲ್ಲೇ ಕಾರ್ಡು ಓದಿ, ಐದೂಕಾಲರ ಕಡೆಯ ಬಸ್ಸು ಹತ್ತಿದರು.

ವಾರದ ಬಳಿಕ ಅಂಚೆಯಣ್ಣ ಸಿಕ್ಕಾಗ ನಾನೇ ಕೇಳಿದೆ. ಶಿವಮೊಗ್ಗದಲ್ಲಿ ಮುಂದಿನ ಬಸ್ಸು ತಪ್ಪಿ ಗೌಡರು ರಾತ್ರಿಯನ್ನು ನಿಲ್ದಾಣದಲ್ಲೇ ಕಳೆದು ಬೆಳಿಗ್ಗೆ ಮನೆ ಮುಟ್ಟಿದ್ದರಂತೆ. ಅಣ್ಣನಿಗೆ ಜೀವವಿತ್ತು, ಕಣ್ಣು ತೆರೆದಿದ್ದವು. ಮಾತು ರಾತ್ರಿಯೇ ನಿಂತಿತ್ತು. ಹನ್ನೆರಡೂಕಾಲರ ಬಸ್ಸು ಸಿಕ್ಕಿದ್ದರೆ ಸಂಜೆಯೊಳಗೆ ತಲುಪುತ್ತಿದ್ದರು.

"ಗೌಡರು ಏನಾದರೂ ಅಂದರೇ?"

"ಏನೂ ಅನ್ನಲಿಲ್ಲ. ಮನೆ ಮುಂದೆ ಹೋದರೆ ಈಗಲೂ ಮಜ್ಜಿಗೆ ಕೊಡುತ್ತಾರೆ," ಎಂದು ಅವರು ಚೀಲ ಹೆಗಲಿಗೇರಿಸಿದರು.

ಕಾಗದದ ಮನಿ ಆರ್ಡರು 2015ರಲ್ಲಿ ನಿಂತುಹೋಯಿತು. ಕಳೆದ ವರ್ಷ ಆ ಕಡೆ ಹೋಗಿದ್ದಾಗ ಹಳ್ಳಕ್ಕೆ ಸಿಮೆಂಟಿನ ಕಿರುಸೇತುವೆಯಾಗಿತ್ತು. ಅಂಚೆಯಣ್ಣ ನಿವೃತ್ತರಾಗಿ ಮಗನ ಮನೆಯ ಜಗಲಿಯಲ್ಲಿ ಕುಳಿತಿದ್ದರು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಗುರುತು ಸಿಕ್ಕ ಮೇಲೆ ಆ ದಿನದ ಮಾತು ನಾನು ತೆಗೆಯುವ ಮೊದಲೇ ಅವರು, "ಎರಡನೇ ಕೇರಿಗೆ ಎರಡೂವರೆ ಕಿಲೋಮೀಟರು, ಫಾದರ್. ಓಡಿದ್ದರೆ ಹೋಗಿ ಬರುವುದಕ್ಕೆ ಮುಕ್ಕಾಲು ಗಂಟೆ," ಎಂದರು. ಆಮೇಲೆ ಹಳ್ಳಕ್ಕೆ ಒಂದು ಗಂಟೆ ಸೇರಿಸಿ ಬೆರಳು ಮಡಿಸಿದರು. ಹನ್ನೆರಡೂಕಾಲು. ಎಲೆ ಬಂದದ್ದು ಹನ್ನೆರಡೂ ಹತ್ತಕ್ಕೆ. ಬೆರಳು ಬಿಚ್ಚಿ ಮತ್ತೆ ಮೊದಲಿನಿಂದ ಎಣಿಸತೊಡಗಿದರು.