‘ಇವತ್ತಾದರೂ ಕಳಿಸಿ’

ಒಂದೂ ಕೆಟ್ಟ ಮಾತಿಲ್ಲದೆ ಇನ್ನೊಬ್ಬರನ್ನು ಚುಚ್ಚಲು ಕನ್ನಡದಲ್ಲಿ ‘ಆದರೂ’ ಎಂಬ ಮೂರಕ್ಷರ ಸಾಕು. ‘ಇವತ್ತು ಕಳಿಸಿ’ ಎಂದರೆ ಕೋರಿಕೆ. ‘ಇವತ್ತಾದರೂ ಕಳಿಸಿ’ ಎಂದರೆ ನಿನ್ನೆ ಮೊನ್ನೆಯ ಲೆಕ್ಕವೆಲ್ಲ ಅದರೊಳಗೆ ಬಂತು. ಇಂಗ್ಲಿಷಿನವರು ‘ಪ್ಯಾಸಿವ್ ಅಗ್ರೆಸಿವ್’ ಎನ್ನುವುದು ಇದನ್ನೇ. ನಮ್ಮಲ್ಲಿ ಕೊಂಕು ಎಂದರೆ ಸಾಕು, ಅಜ್ಜಿಯರಿಗೂ ಅರ್ಥವಾಗುತ್ತದೆ.

ನನ್ನ ಅಕ್ಕನ ಮಗಳು ಡಿಗ್ರಿ ಮುಗಿಸಿ ಒಂದು ಕಚೇರಿಯ ಸಂಬಳದ ವಿಭಾಗಕ್ಕೆ ಸೇರಿದ್ದಾಳೆ. ಬೇರೊಂದು ವಿಭಾಗದ ಹಿರಿಯರು ಹಾಜರಿ ಪಟ್ಟಿ ಕಳಿಸಿರಲಿಲ್ಲ. ಅವರಿಗೆ ಕಳಿಸಲು ಅವಳು ಮೊಬೈಲಿನಲ್ಲಿ ಬರೆದಿಟ್ಟಿದ್ದು ಇದು:

‘ಸಾರ್, ಸೋಮವಾರವೇ ತಿಳಿಸಿದ್ದರೂ ಹಾಜರಿ ಪಟ್ಟಿ ಇನ್ನೂ ಬಂದಿಲ್ಲ. ತಾವು ಬಹಳ ಬಿಜಿ ಎಂದು ಗೊತ್ತು. ಇವತ್ತಾದರೂ ಕಳಿಸಿದರೆ ದೊಡ್ಡ ಉಪಕಾರವಾಗುತ್ತದೆ. ಆಗದಿದ್ದರೆ ಪರವಾಗಿಲ್ಲ, ಹೇಗೋ ನಾನೇ ನೋಡಿಕೊಳ್ಳುತ್ತೇನೆ.’

‘ಎಲ್ಲಾ ಮರ್ಯಾದೆಯಾಗೇ ಇದೆಯಲ್ಲ ಮಾಮ, ಕಳಿಸಲಾ?’ ಎಂದಳು.

ಮರ್ಯಾದೆ ಇದೆ, ನಿಜ. ಬೇಕಾದ್ದಕ್ಕಿಂತ ಹೆಚ್ಚೇ ಇದೆ. ಇಂಥದ್ದನ್ನು ಪರೀಕ್ಷಿಸಲು ನಾನು ಮಾಡುವುದು ಇಷ್ಟೇ: ಒಂದೊಂದು ಪದದ ಮೇಲೂ ಬೆರಳಿಟ್ಟು ಮುಚ್ಚುತ್ತೇನೆ. ಮುಚ್ಚಿದರೂ ಓದುವವರಿಗೆ ತಿಳಿಯಬೇಕಾದ್ದು ತಿಳಿಯುತ್ತದೆ ಎಂದಾದರೆ, ಆ ಪದ ಅಲ್ಲಿಗೆ ಬೇರೇನೋ ಕೆಲಸಕ್ಕೆ ಬಂದಿದೆ. ‘ಸೋಮವಾರ’ ಒಂದು ಸಂಗತಿ. ‘ಸೋಮವಾರವೇ’ ಎಂಬಲ್ಲಿನ ಆ ಏಕಾರ ದೂರು. ‘ಬಿಜಿ ಎಂದು ಗೊತ್ತು’ ಎಂಬುದು ನೋಡದೇ ಇರುವ ವಿಷಯದ ಬಗ್ಗೆ ಊಹೆ. ಪಟ್ಟಿ ಕಳಿಸುವುದು ಅವರ ಕೆಲಸ. ಅದನ್ನು ‘ದೊಡ್ಡ ಉಪಕಾರ’ ಎಂದರೆ ಆ ಕೆಲಸವನ್ನು ನೀವು ಮಾಡುತ್ತಿಲ್ಲ ಎಂದೇ ಅರ್ಥ. ಕೊನೆಯ ಮಾತಂತೂ ಸುಳ್ಳು. ಅವರ ಸಹಿಯಿಲ್ಲದೆ ಇವಳು ಏನು ನೋಡಿಕೊಳ್ಳುತ್ತಾಳೆ?

ವಿಚಿತ್ರವೆಂದರೆ ಇಷ್ಟೆಲ್ಲ ಇದ್ದ ಆ ಸಂದೇಶದಲ್ಲಿ ಪಟ್ಟಿ ಎಷ್ಟು ಗಂಟೆಗೆ ಬೇಕು, ಯಾತಕ್ಕೆ ಬೇಕು ಎಂಬುದೇ ಇರಲಿಲ್ಲ. ಓದಿದವರಿಗೆ ಬೇಜಾರಾಗುತ್ತಿತ್ತೇ ಹೊರತು ಗಡುವು ತಿಳಿಯುತ್ತಿರಲಿಲ್ಲ.

ಇದನ್ನು ಹೇಳಿದ ಮೇಲೆ ಅವಳು ಎರಡು ‘ದಯವಿಟ್ಟು’, ಒಂದು ನಗುಮುಖ ಸೇರಿಸಿದಳು. ಬಹಳ ಮಂದಿ ಮಾಡುವುದು ಇದನ್ನೇ. ‘ಇವತ್ತಾದರೂ’ ಅಲ್ಲೇ ಇರುವಾಗ ಪಕ್ಕದಲ್ಲಿ ನಗುಮುಖ ಇಟ್ಟರೆ ಅಣಕದಂತೆ ಕಾಣುತ್ತದೆ. ಸಕ್ಕರೆ ಹಾಕುವುದಕ್ಕಿಂತ ಮುಳ್ಳು ತೆಗೆಯಬೇಕು. ಖಾಲಿಯಾದ ಜಾಗದಲ್ಲಿ ಬಿಟ್ಟುಹೋದ ಸಂಗತಿ ತುಂಬಬೇಕು. ಕೊನೆಗೆ ಹೀಗಾಯಿತು:

‘ಸಾರ್, ನಿಮ್ಮ ವಿಭಾಗದ ಈ ತಿಂಗಳ ಹಾಜರಿ ಪಟ್ಟಿ ನನಗೆ ಸಿಕ್ಕಿಲ್ಲ. ಸಂಬಳದ ಬಿಲ್ಲು ನಾಳೆ ಬೆಳಿಗ್ಗೆ 11ಕ್ಕೆ ಲೆಕ್ಕಪತ್ರ ಶಾಖೆಗೆ ಹೋಗಬೇಕು. ದಯವಿಟ್ಟು ಇಂದು ಸಂಜೆ 5ರೊಳಗೆ ಕಳಿಸುತ್ತೀರಾ? ಪೂರ್ತಿ ಆಗಿಲ್ಲದಿದ್ದರೆ ಆಗಿರುವಷ್ಟನ್ನು ಕಳಿಸಿ.’

‘ಬಂದಿಲ್ಲ’ ಹೋಗಿ ‘ನನಗೆ ಸಿಕ್ಕಿಲ್ಲ’ ಆಗಿರುವುದನ್ನು ನೋಡಿ. ಅವರು ಕಳಿಸಿಯೂ ಬೇರೆಲ್ಲೋ ಸಿಕ್ಕಿಕೊಂಡಿರಬಹುದಲ್ಲ.

ಹಾಗೆಂದು ಹಳೆಯ ದಿನಾಂಕವನ್ನು ಎತ್ತಲೇಬಾರದು ಎಂದಲ್ಲ. ಸರ್ಕಾರಿ ಕಚೇರಿಯ ನೆನಪೋಲೆಯಲ್ಲಿ ‘ಉಲ್ಲೇಖ’ ಎಂದು ಹಿಂದಿನ ಪತ್ರದ ಸಂಖ್ಯೆ, ದಿನಾಂಕ ಇದ್ದೇ ಇರುತ್ತದೆ. ಅದು ಕಡತ ಹುಡುಕಲು. ಆದರೆ ಅದೇ ಮಾತನ್ನು ಇಪ್ಪತ್ತು ಜನರಿರುವ ಗುಂಪಿನಲ್ಲಿ ಹಾಕಿದರೆ, ಅಥವಾ ಮೇಲಧಿಕಾರಿಗೂ ಒಂದು ಪ್ರತಿ ಕಳಿಸಿದರೆ, ಒಂದಕ್ಷರ ಬದಲಾಗದೆಯೂ ದೂರು ಆಗಿಬಿಡುತ್ತದೆ. ಮೊದಲ ಸಲ ಅವರೊಬ್ಬರಿಗೇ ಬರೆಯುವುದು ಲೇಸು.

ಬರೆದವರೇ ಓದಿಕೊಂಡರೆ ಕೊಂಕು ಕೇಳಿಸುವುದಿಲ್ಲ. ತಲೆಯೊಳಗೆ ತಮ್ಮದೇ ದನಿ ಓಡುತ್ತಿರುತ್ತದೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇ-ಮೇಲ್‌ನಲ್ಲಿ ಬರೆದದ್ದು ವ್ಯಂಗ್ಯವೋ ಗಂಭೀರವೋ ಎಂಬುದು ನೂರಕ್ಕೆ 78 ಸಲ ತಿಳಿಯುತ್ತದೆಂದು ಬರೆದವರು ನಂಬಿದ್ದರು. ಓದಿದವರು ಸರಿಯಾಗಿ ಹೇಳಿದ್ದು 56 ಸಲ. ನಾಣ್ಯ ಚಿಮ್ಮಿದರೂ 50 ಬರುತ್ತಿತ್ತು. ಆದ್ದರಿಂದ ಸಂದರ್ಭ ಗೊತ್ತಿಲ್ಲದ ಒಬ್ಬರಿಂದ, ಮನೆಯಲ್ಲಿ ಅಪ್ಪ ಅಮ್ಮ ಆದರೂ ಸರಿ, ಸಂದೇಶವನ್ನು ಗಟ್ಟಿಯಾಗಿ ಓದಿಸಿ ಕೇಳಬೇಕು. ಅವರ ದನಿ ಎಲ್ಲಿ ಏರುತ್ತದೋ ಅಲ್ಲಿ ತಿದ್ದಬೇಕು.

ತಡ ಪ್ರತಿ ತಿಂಗಳೂ ಆಗುತ್ತಿದ್ದರೆ? ಆಗ ಸಿಟ್ಟು ನ್ಯಾಯವೇ. ಅದನ್ನು ಮುಸುಕಿಲ್ಲದೆ ಹೇಳಬಹುದು: ‘ಮೂರು ತಿಂಗಳಿಂದ ಪಟ್ಟಿ ಗಡುವಿನ ನಂತರ ಬರುತ್ತಿದೆ, ನಿಮ್ಮ ವಿಭಾಗದವರ ಸಂಬಳ ತಡವಾಗುತ್ತಿದೆ. ಇದಕ್ಕೇನು ಮಾಡೋಣ, ನಾಳೆ ಹತ್ತು ನಿಮಿಷ ಸಿಗುತ್ತೀರಾ?’ ಮಾತು ಮೃದುವಲ್ಲ. ಆದರೆ ಉತ್ತರ ಕೊಡಲು ಬರುವಂಥ ಮಾತು. ಕೊಂಕಿಗೆ ಉತ್ತರ ಕೊಡುವುದಾದರೂ ಹೇಗೆ?

ಅಂದ ಹಾಗೆ, ಪಟ್ಟಿ ಅಂದೇ ನಾಲ್ಕೂವರೆಗೆ ಬಂತು. ಜೊತೆಗೆ ‘ಸರಿ’ ಎಂಬ ಒಂದೇ ಪದ. ‘ಮಾಮ, ಇದು ಸಿಟ್ಟಿನ ಸರಿಯೋ, ಬರೀ ಸರಿಯೋ?’ ಎಂದು ಅವಳು ರಾತ್ರಿಯವರೆಗೂ ಕೇಳುತ್ತಿದ್ದಳು.