ಮೀಸೆ ಬಿದ್ದ ಮೇಲೆ

ಮೂರು ತಾಸಿನ ಶಾಲಾ ವಾರ್ಷಿಕೋತ್ಸವವನ್ನು ಆರು ನಿಮಿಷಕ್ಕೆ ಇಳಿಸಿದ ವಿಡಿಯೋ ಅದು. ಜೊತೆಗೆ ನಾಲ್ಕು ಪುಟದ ಬರಹ. "ಅಕ್ಕಾರ, ಇದನ್ನ ಸ್ವಲ್ಪ ನಗೂ ಹಂಗ ಮಾಡಿಕೊಡ್ರಿ" ಎಂದರು ಟೀಚರಮ್ಮ.

ಗಡಿಯಾರ ಮುಂದಿಟ್ಟುಕೊಂಡು ಗಟ್ಟಿಯಾಗಿ ಓದಿದೆ. ಆತುರವಿಲ್ಲದೆ ಓದಿದರೆ ನಿಮಿಷಕ್ಕೆ ಎಂಬತ್ತು ಪದ. ಆರು ನಿಮಿಷಕ್ಕೆ ಐನೂರು ಪದ ಹಿಡಿಸೀತು ಅನ್ನಬೇಡಿ. ಮಕ್ಕಳ ಹಾಡು, ಗೆಜ್ಜೆ, ಚಪ್ಪಾಳೆಗೂ ಜಾಗ ಬೇಕಲ್ಲ! ಅರ್ಧಕ್ಕಿಂತ ಹೆಚ್ಚು ಹೊತ್ತು ನಾವು ಬಾಯಿ ಮುಚ್ಚಿರಬೇಕು. ಇನ್ನೂರು ಪದ ಸಾಕು.

'ಈಗ ಮಕ್ಕಳು ಕುಣಿಯುತ್ತಿದ್ದಾರೆ' ಎಂಬ ಸಾಲುಗಳೆಲ್ಲ ಮೊದಲು ಹೋದವು. ಕಣ್ಣಿಗೆ ಕಾಣುವುದನ್ನು ಕಿವಿಗೆ ಯಾಕೆ ಹೇಳಬೇಕು? ಕ್ಯಾಮೆರಾ ಕಾಣದ್ದನ್ನು ಹೇಳಿದರೆ ಚೆಂದ. ಆ ಲಂಗಗಳ ಅಂಚು ನಮ್ಮ ಭಾಗ್ಯನಗರದ ಮಗ್ಗದ ಹಳೆಯ ಸೀರೆಗಳದ್ದು ಎಂದು ಬರೆದೆ. ಯಾವ ತಾಯಿಯ ಸೀರೆ ಎಂದು ಬರೆಯಲಿಲ್ಲ. ಒಬ್ಬರ ಹೆಸರು ಬಂದರೆ ಉಳಿದ ಮೂವತ್ತು ತಾಯಂದಿರಿಗೆ ಯಾರು ಉತ್ತರ ಕೊಡುವವರು?

ತೊಡಕಾದದ್ದು ಕಿತ್ತೂರು ಚೆನ್ನಮ್ಮನ ನಾಟಕ. ಥ್ಯಾಕರೆ ಸಾಹೇಬನ ಪಾತ್ರದ ಹುಡುಗಿ ಅಬ್ಬರಿಸುವಾಗಲೇ ಮೀಸೆ ಕಳಚಿಬಿತ್ತು. ಸಭೆಯೆಲ್ಲ ಗೊಳ್ಳೆಂದಿತು. ಹುಡುಗಿ ಮೀಸೆ ಎತ್ತಿ, ಒಂದು ಕೈಯಲ್ಲಿ ಒತ್ತಿ ಹಿಡಿದು ಮಾತು ಮುಗಿಸಿದಳು. ಆಮೇಲೆ ಮೂರು ದಿನ ಶಾಲೆಗೆ ಹೋಗಲಿಲ್ಲ. "ಅದನ್ನ ತೆಗದ್ಬಿಡ್ರಿ" ಎಂದು ಕೂದಲು ಬಿಡಿಸುವ ಕೆಲಸಕ್ಕೆ ಹೋಗುವ ಅವಳ ತಾಯಿ ಕೇಳಿಕೊಂಡಿದ್ದಳು.

ತೆಗೆದರೆ ಊರಿಗೆ ಊರೇ "ಮೀಸಿ ಎಲ್ಲಿ?" ಎನ್ನುತ್ತದೆ. ಇಟ್ಟುಕೊಂಡು, ಟೀಚರಮ್ಮ ಬರೆದಂತೆ 'ಪಾಪ, ಮೀಸೆ ಉದುರಿದ ದೊರೆ' ಎಂದರೆ ಆ ಹೆಸರು ಅವಳ ಮದುವೆಯವರೆಗೂ ಬಿಡದು. ನಗು ಹುಡುಗಿಯ ಮೇಲೆ ಬೀಳದೆ ಅಂಟಿನ ಮೇಲೆ ಬೀಳಬೇಕಿತ್ತು.

ಅದಕ್ಕೆ ಮೀಸೆ ಬೀಳುವಾಗ ಒಂದು ಮಾತೂ ಇಡಲಿಲ್ಲ. ಆಗ ಸಭೆಯ ನಗು, ಆಮೇಲೆ ಅವಳದೇ ದನಿ, ಕೊನೆಯವರೆಗೆ. ಚಪ್ಪಾಳೆ ಇಳಿದ ಮೇಲೆ ಎರಡು ಕ್ಷಣ ಬಿಟ್ಟು ಹೀಗೆ: 'ದೇಶದೇಶಕ್ಕೆ ಕೂದಲು ಕಳಿಸುವ ಊರಿನಲ್ಲಿ ಒಂದು ಮೀಸೆಗೆ ಅಂಟು ಸಾಲಲಿಲ್ಲ ನೋಡಿ. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸಾಹೇಬರು ಬಿದ್ದರು. ನಮ್ಮಲ್ಲಿ ಮೀಸೆಯೇ ಮೊದಲು ಬಿತ್ತು. ಆದರೆ ನಮ್ಮ ಸಾಹೇಬರು ಮಾತು ಮುಗಿಸಿಯೇ ಬಿದ್ದರು!'

ಊರಿಗೆ ತೋರಿಸುವ ಮುಂಚೆ ತಾಯಿ ಮಗಳಿಬ್ಬರನ್ನೇ ಕೂರಿಸಿ ತೋರಿಸಿದೆವು. ತಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಹುಡುಗಿ ಮಾತ್ರ ಗಂಭೀರವಾಗಿ, "ಅಂಟು ಹಚ್ಚಿದ್ದು ಟೀಚರ್ರೀ" ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಟೀಚರಮ್ಮ.